ಮೂವಬಲ್ ದೋ ಮತ್ತು ಸೈಟ್ ಸಿಂಗಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಂದಿನಲ್ಲಿ ಎಂಟು ವರ್ಷ ಕರ್ನಾಟಕ ಸಂಗೀತ ಕಲಿತಿದ್ದೆ. ಆ ಧೈರ್ಯದ ಮೇಲೆ ಮೂವತ್ತು ದಾಟಿದ ಮೇಲೆ ಬೆಂಗಳೂರಿನ ಒಂದು ಕ್ವಾಯರ್ ಸೇರಿದೆ. ಮೊದಲ ದಿನವೇ ಕೈಗೆ ಒಂದು ಹಾಳೆ ಬಂತು. ಐದು ಗೆರೆ, ಅದರ ಮೇಲೆ ಕಪ್ಪು ಚುಕ್ಕಿಗಳು. ಯಾರೋ ಪಿಯಾನೋದಲ್ಲಿ ಒಂದು ಸ್ವರ ಒತ್ತಿದರು, ಎಲ್ಲರೂ ಹಾಡತೊಡಗಿದರು. ನಾನು ಪಕ್ಕದವರ ಬಾಯಿ ನೋಡಿಕೊಂಡು ಅರ್ಧ ಕ್ಷಣ ತಡವಾಗಿ ಹಾಡಿದೆ. ಯಾರಿಗೂ ಗೊತ್ತಾಗಲಿಲ್ಲ. ಆರು ತಿಂಗಳು ಹಾಗೇ ನಡೆಯಿತು.

ಈಗ ವಾರದ ಕೊನೆಯಲ್ಲಿ ನಾಲ್ಕಾರು ಜನರಿಗೆ ಸೈಟ್ ಸಿಂಗಿಂಗ್, ಅಂದರೆ ಹೊಸ ಹಾಳೆ ನೋಡಿದ ಕೂಡಲೇ ಹಾಡುವುದನ್ನು ಹೇಳಿಕೊಡುತ್ತೇನೆ. ಅವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ.

ಮೂವಬಲ್ ದೋ ಅಂದರೆ ಏನು? ನಮ್ಮ ಸರಿಗಮದ ಹಾಗೇ ಅಲ್ವಾ?

ಬಹುಪಾಲು ಹಾಗೇ. ದೋ, ರೆ, ಮಿ, ಫಾ, ಸೋ, ಲಾ, ಟಿ ಅನ್ನುವ ಏಳು ಅಕ್ಷರಗಳಲ್ಲಿ ದೋ ಹಾಡಿನ ಆಧಾರ ಸ್ವರ. ಹಾಡು ಸಿ ಮೇಜರ್‌ನಲ್ಲಿದ್ದರೆ ಸಿ ದೋ ಆಗುತ್ತದೆ, ಎಫ್ ಮೇಜರ್‌ನಲ್ಲಿದ್ದರೆ ಎಫ್ ದೋ ಆಗುತ್ತದೆ. ಒಬ್ಬರು ಒಂದು ಮನೆ ಶ್ರುತಿಗೆ ಹಾಡಲಿ, ಇನ್ನೊಬ್ಬರು ಐದು ಮನೆಗೆ ಹಾಡಲಿ, ಇಬ್ಬರಿಗೂ ಷಡ್ಜ ಷಡ್ಜವೇ ತಾನೇ? ಅದೇ ಲೆಕ್ಕ. ಶಂಕರಾಭರಣದ ಆರೋಹಣ ಹಾಡಿದರೆ ಸ್ವರಸ್ಥಾನದ ಮಟ್ಟಿಗೆ ನೀವು ದೋ ರೆ ಮಿ ಹಾಡಿದ ಹಾಗೇ.

ಒಂದು ವ್ಯತ್ಯಾಸ ಗಮನದಲ್ಲಿರಲಿ. ನಾವು ಹಾಡುವಾಗ ಶುದ್ಧ ಋಷಭಕ್ಕೂ ರಿ ಅನ್ನುತ್ತೇವೆ, ಚತುಶ್ರುತಿ ಋಷಭಕ್ಕೂ ರಿ ಅನ್ನುತ್ತೇವೆ. ಯಾವ ರಿ ಅನ್ನುವುದು ರಾಗದಿಂದ ಗೊತ್ತಾಗುತ್ತದೆ. ಮೂವಬಲ್ ದೋ ಪದ್ಧತಿಯಲ್ಲಿ ಸ್ವರ ಅರ್ಧ ಮೆಟ್ಟಿಲು ಬದಲಾದರೆ ಅಕ್ಷರದ ಕೊನೆಯೂ ಬದಲಾಗುತ್ತದೆ. ಫಾ ಅರ್ಧ ಮೆಟ್ಟಿಲು ಏರಿದರೆ ಫಿ, ಟಿ ಇಳಿದರೆ ಟೆ, ಮಿ ಇಳಿದರೆ ಮೆ. ಇದು ನಮಗೆ ಪೂರ್ತಿ ಹೊಸದೂ ಅಲ್ಲ. 72 ಮೇಳಗಳ ಲೆಕ್ಕದಲ್ಲಿ ಬರುವ ರ ರಿ ರು, ಗ ಗಿ ಗು ನೆನಪಿದೆಯಾ? ಅಲ್ಲಿರುವ ಉಪಾಯವೇ ಇಲ್ಲೂ ಇದೆ. ಅವರು ಅದನ್ನು ಬಾಯಲ್ಲಿ ಹಾಡುತ್ತಾರೆ, ನಾವು ಶಾಸ್ತ್ರದ ಪುಸ್ತಕದಲ್ಲಿ ಬಿಟ್ಟಿದ್ದೇವೆ.

ಹಾಗಾದರೆ ಫಿಕ್ಸ್ಡ್ ದೋ ಯಾವುದು?

ಅದರಲ್ಲಿ ದೋ ಅಂದರೆ ಯಾವಾಗಲೂ ಸಿ, ಸೋಲ್ ಅಂದರೆ ಯಾವಾಗಲೂ ಜಿ. ಅಂದರೆ ಅಕ್ಷರ ಬರೀ ಸ್ವರದ ಹೆಸರು. ಫ್ರಾನ್ಸ್, ಇಟಲಿ, ಸ್ಪೇನ್‌ಗಳಲ್ಲಿ ಸಂಗೀತಗಾರರು ಸ್ವರಗಳನ್ನು ಕರೆಯುವುದೇ ಹೀಗೆ. ಎಫ್ ಮೇಜರ್ ಹಾಡನ್ನು ಅಲ್ಲಿಯ ವಿದ್ಯಾರ್ಥಿ ಫಾ ಇಂದ ಶುರು ಮಾಡುತ್ತಾನೆ, ಮೂವಬಲ್ ಕಲಿತವನು ದೋ ಇಂದ ಶುರು ಮಾಡುತ್ತಾನೆ. ಇಬ್ಬರೂ ಹಾಡುವ ಸ್ವರ ಒಂದೇ.

ಈ ಅಕ್ಷರಗಳು ಬಂದದ್ದು ಎಲ್ಲಿಂದ?

11ನೇ ಶತಮಾನದ ಇಟಲಿಯ ಸನ್ಯಾಸಿ ಗ್ವೀದೋನಿಂದ. ಅರೆಟ್ಸೋ ಅನ್ನುವುದು ಅವನ ಊರಿನ ಹೆಸರಾಗಿ ಜೊತೆಗೆ ಉಳಿದಿದೆ. ಒಂದು ಲ್ಯಾಟಿನ್ ಸ್ತೋತ್ರದ ಒಂದೊಂದು ಸಾಲೂ ಒಂದೊಂದು ಸ್ವರ ಮೇಲಿಂದ ಶುರುವಾಗುತ್ತಿತ್ತು. ಆ ಸಾಲುಗಳ ಮೊದಲ ಅಕ್ಷರಗಳನ್ನೇ ಅವನು ಹುಡುಗರಿಗೆ ಹೇಳಿಕೊಟ್ಟ. ಆಗ ದೋ ಬದಲು ಉಟ್ ಇತ್ತು. 19ನೇ ಶತಮಾನದಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಸಾರಾ ಗ್ಲೋವರ್ ಎಂಬ ಶಿಕ್ಷಕಿ ಇದನ್ನು ಮಕ್ಕಳಿಗೆ ಒಗ್ಗುವ ಹಾಗೆ ಮಾಡಿದರು. ಜಾನ್ ಕರ್ವೆನ್ ಅದನ್ನು ತಿದ್ದಿ, ಒಂದೊಂದು ಅಕ್ಷರಕ್ಕೂ ಒಂದೊಂದು ಕೈಸನ್ನೆ ಸೇರಿಸಿ, ದೇಶವೆಲ್ಲಾ ಹರಡಿದರು. 20ನೇ ಶತಮಾನದಲ್ಲಿ ಹಂಗೆರಿಯ ಸಂಗೀತಗಾರ ಕೊಡಾಯ್ ಅದನ್ನು ಶಾಲೆಗಳಿಗೆ ತಂದರು. ಜನ ಈಗ ಇದನ್ನು ಕೊಡಾಯ್ ಪದ್ಧತಿ ಅಂತಲೇ ಕರೆಯುವುದು ಜಾಸ್ತಿ. ಗ್ಲೋವರ್ ಹೆಸರು ಯಾರೂ ಎತ್ತುವುದಿಲ್ಲ, ಅದೊಂದು ನನಗೆ ಬೇಜಾರು.

ಅಕ್ಷರ ಹೇಳಿಕೊಂಡು ಹಾಡಿದರೆ ಕಿವಿಗೆ ಆಗುವ ಲಾಭ ಏನು?

ಒಂದು ಸಣ್ಣ ಪ್ರಯೋಗ ಮಾಡಿ. ದೋ ರೆ ಮಿ ಫಾ ಸೋ ಲಾ ಟಿ ಅಂತ ಹಾಡಿ, ಟಿ ಹತ್ತಿರ ನಿಲ್ಲಿಸಿಬಿಡಿ. ಮೇಲಿನ ದೋ ಹಾಡಬೇಡಿ. ಏನೋ ಬಾಕಿ ಉಳಿದ ಹಾಗೆ ಚಡಪಡಿಕೆ ಆಗುತ್ತದೆ ಅಲ್ವಾ? ಟಿ ದೋ ಕಡೆಗೆ ಎಳೆಯುತ್ತದೆ, ಫಾ ಮಿ ಕಡೆಗೆ ವಾಲುತ್ತದೆ. ಸೋ ಗಟ್ಟಿಯಾಗಿ ನಿಂತಿರುತ್ತದೆ. ಆಧಾರ ಸ್ವರದ ಎದುರು ಒಂದೊಂದು ಸ್ವರಕ್ಕೂ ಒಂದೊಂದು ಸ್ವಭಾವ ಇದೆ.

ಕ್ಯಾರಲ್ ಕ್ರುಮ್‌ಹಾನ್ಸ್ಲ್ ಮತ್ತು ಎಡ್ವರ್ಡ್ ಕೆಸ್ಲರ್ ಎಂಬ ಸಂಶೋಧಕರು 1982ರಲ್ಲಿ ಇದನ್ನು ಅಳೆದು ತೋರಿಸಿದರು. ಕೇಳುಗರಿಗೆ ಮೊದಲು ಒಂದು ಕೀ, ಅಂದರೆ ಒಂದು ಆಧಾರ ಸ್ವರ ಮತ್ತು ಅದರ ಸ್ಕೇಲು, ಮನಸ್ಸಿನಲ್ಲಿ ಕೂರುವಂಥದ್ದನ್ನು ಕೇಳಿಸಿದರು. ಆಮೇಲೆ 12 ಸ್ವರಗಳಲ್ಲಿ ಒಂದನ್ನು ಕೇಳಿಸಿ, ಇದು ಎಷ್ಟು ಹೊಂದುತ್ತದೆ ಎಂದು ಅಂಕ ಕೊಡಲು ಹೇಳಿದರು. ಮೇಜರ್ ಕೀಯಲ್ಲಿ ಎಲ್ಲಕ್ಕಿಂತ ಹೆಚ್ಚು ಅಂಕ ದೋಗೆ ಬಂತು. ನಂತರ ಸೋ ಮತ್ತು ಮಿ, ಆಮೇಲೆ ಆ ಸ್ಕೇಲಿನ ಉಳಿದ ಸ್ವರಗಳು, ತೀರಾ ಕೆಳಗೆ ಸ್ಕೇಲಿನ ಹೊರಗಿನವು. ಎರಡು ವರ್ಷದ ನಂತರ ಕ್ರುಮ್‌ಹಾನ್ಸ್ಲ್ ಮತ್ತು ಜೊತೆಗಾರರು ಹಿಂದೂಸ್ತಾನಿ ರಾಗಗಳ ಮೇಲೂ ಇದೇ ಬಗೆಯ ಪರೀಕ್ಷೆ ನಡೆಸಿದರು. ಅಲ್ಲೂ ಸ ಮತ್ತು ಪ ಮೇಲೆ ನಿಂತವು.

ಈ ಸ್ವಭಾವಕ್ಕೆ ಹೆಸರು ಕೊಡುವುದೇ ಮೂವಬಲ್ ದೋ ಮಾಡುವ ಕೆಲಸ. ಹೆಸರಿದ್ದರೆ ನೆನಪಿಗೆ ಬೇಗ ಬರುತ್ತದೆ. ಮೇಷ್ಟರು ಕರೆದ ಕೂಡಲೇ ಹುಡುಗ ಎದ್ದು ನಿಲ್ಲುವ ಹಾಗೆ, ಸೋ ಅಂದ ಕೂಡಲೇ ಆ ಸ್ವರ ಬಾಯಿಗೆ ಬರಬೇಕು. ಅಷ್ಟು ಗಟ್ಟಿಯಾಗುವ ತನಕ ಅಕ್ಷರ ಬರೀ ಶಬ್ದ.

ಇಂಟರ್ವಲ್ ಗುರುತಿಸುವ ಆಪ್ ಇದೆ. ಅದರಲ್ಲಿ ನನಗೆ 90 ಪರ್ಸೆಂಟ್ ಬರುತ್ತೆ. ಆದರೂ ಹಾಳೆ ನೋಡಿ ಹಾಡಲು ಬರಲ್ಲ, ಯಾಕೆ?

ಆಪ್ ನಿಮಗೆ ಎರಡು ಸ್ವರ ಕೇಳಿಸಿ, ನಡುವೆ ಎಷ್ಟು ದೂರ ಅಂತ ಕೇಳುತ್ತದೆ. ಹಾಡಿನಲ್ಲಿ ಯಾವ ಜೋಡಿಯೂ ಹಾಗೆ ಒಂಟಿಯಾಗಿ ಬರುವುದಿಲ್ಲ. ಕೆಳಗಿನ ಸೋ ಇಂದ ದೋಗೆ ಹಾರಿದರೂ ಪರ್ಫೆಕ್ಟ್ ಫೋರ್ತ್, ದೋ ಇಂದ ಫಾಗೆ ಹಾರಿದರೂ ಪರ್ಫೆಕ್ಟ್ ಫೋರ್ತ್. ದೂರ ಒಂದೇ, ಆದರೆ ಒಂದು ಮನೆಗೆ ಬಂದು ಕೂತ ಹಾಗೆ, ಇನ್ನೊಂದು ಮನೆ ಬಿಟ್ಟು ಹೊರಗೆ ನಿಂತ ಹಾಗೆ. ಹಾಡುವಾಗ ಕಿವಿಗೆ ಮೊದಲು ತಟ್ಟುವುದು ಈ ವ್ಯತ್ಯಾಸ.

ಇನ್ನೊಂದು ತೊಂದರೆಯೂ ಇದೆ. ಪ್ರತಿ ಸ್ವರವನ್ನೂ ಹಿಂದಿನ ಸ್ವರದಿಂದ ಅಳೆಯುತ್ತಾ ಹೋದರೆ ಒಂದು ಕಡೆ ತಪ್ಪಿದ್ದು ಮುಂದೆಲ್ಲಾ ತಪ್ಪುತ್ತದೆ. ಇಟ್ಟಿಗೆ ಸಾಲಿನಲ್ಲಿ ಒಂದು ಸೊಟ್ಟಗಾದರೆ ಮೇಲಿನದೆಲ್ಲಾ ಸೊಟ್ಟಗಾಗುವ ಹಾಗೆ. ಆಪ್ ಬಿಡಿ ಅನ್ನುತ್ತಿಲ್ಲ. ಮೊದಲು ಕೀ ಕೇಳಿಸಿ, ಆಮೇಲೆ ಒಂದೇ ಸ್ವರ ಕೊಟ್ಟು ಇದು ಯಾವುದು ಎಂದು ಕೇಳುವ ಬಗೆಯ ಅಭ್ಯಾಸ ಇದ್ದರೆ ಅದನ್ನು ಆರಿಸಿಕೊಳ್ಳಿ.

ದಾಟು ವರಸೆ ಕಲಿತವರಿಗೆ ಇಲ್ಲಿ ಒಂದು ಅನುಕೂಲ ಇದೆ. ಅದು ಜಿಗಿತದ ಅಭ್ಯಾಸವೇ. ಆದರೆ ಷಡ್ಜ ಸದಾ ಕೇಳಿಸುತ್ತಿರುವಾಗ ಮಾಡುವ ಜಿಗಿತ. ಹಾಗಾಗಿ ಅಳತೆ ತಾನಾಗಿ ಆಧಾರದಿಂದಲೇ ಆಗುತ್ತದೆ.

ಹಾಳೆ ಕೈಗೆ ಬಂದ ಮೇಲೆ ಮೊದಲು ಏನು ಮಾಡಬೇಕು? ಒಂದು ಉದಾಹರಣೆ ಕೊಡಿ.

ಎಬಿಆರ್‌ಎಸ್‌ಎಂ ಎಂಬ ಬ್ರಿಟಿಷ್ ಸಂಗೀತ ಮಂಡಳಿಯ ಪರೀಕ್ಷೆಯಲ್ಲಿ ಹಾಡುವ ಮುಂಚೆ ಅರ್ಧ ನಿಮಿಷ ಕೊಡುತ್ತಾರೆ. ನಾವೂ 30 ಸೆಕೆಂಡ್ ಇಟ್ಟುಕೊಳ್ಳೋಣ. ಇದು ನಾನು ತರಗತಿಗೆ ಬರೆದ ನಾಲ್ಕು ಬಾರ್‌ಗಳ ಟ್ಯೂನ್. ಒಂದು ಬಾರ್‌ಗೆ, ಅಂದರೆ ಎರಡು ನಿಂತ ಗೆರೆಗಳ ನಡುವಿನ ಭಾಗಕ್ಕೆ, ನಾಲ್ಕು ಏಟು. ಅಡ್ಡ ಗೆರೆಯ ಜಾಗದಲ್ಲಿ ಹಿಂದಿನ ಸ್ವರವನ್ನು ಇನ್ನೊಂದು ಏಟು ಎಳೆಯಬೇಕು.

```
ದೋ ಮಿ ರೆ ದೋ | ಫಾ ಮಿ ರೆ – | ಸೋ ಲಾ ಸೋ ಮಿ | ಫಾ ರೆ ದೋ – |
```

ಹಾಳೆಯಲ್ಲಿ ಅಕ್ಷರ ಇರುವುದಿಲ್ಲ, ಚುಕ್ಕಿ ಮಾತ್ರ. ಶುರುವಿನಲ್ಲಿ ಒಂದೇ ಫ್ಲಾಟ್, ಅಂದರೆ ಸ್ವರವನ್ನು ಅರ್ಧ ಮೆಟ್ಟಿಲು ಇಳಿಸುವ ಗುರುತು ಇದೆ, ಅದು ಬಿ ಮೇಲೆ. ಫ್ಲಾಟ್‌ಗಳಿರುವ ಕೀಯಲ್ಲಿ ಕೊನೆಯ ಫ್ಲಾಟ್ ಫಾ ಆಗಿರುತ್ತದೆ. ಅಲ್ಲಿಂದ ಫಾ ಮಿ ರೆ ದೋ ಅಂತ ಇಳಿದರೆ ಎಫ್ ಸಿಗುತ್ತದೆ. ಟ್ಯೂನ್ ಮುಗಿಯುವುದೂ ಎಫ್‌ನಲ್ಲೇ. ಸರಿ, ದೋ ಸಿಕ್ಕಿತು. ಅರ್ಧ ಮೆಟ್ಟಿಲು ಏರಿಸುವ ಶಾರ್ಪ್‌ಗಳಿದ್ದರೆ ಕೊನೆಯ ಶಾರ್ಪ್ ಟಿ, ಅದರ ಮೇಲಿನ ಸ್ವರ ದೋ.

ಪಿಯಾನೋದಲ್ಲಿ ಎಫ್ ಕೊಟ್ಟರು. ಮೊದಲ ಐದಾರು ಸೆಕೆಂಡ್ ಟ್ಯೂನ್ ಕಡೆ ಹೋಗಲೇಬೇಡಿ. ದೋ ಮಿ ಸೋ ಮಿ ದೋ, ಆಮೇಲೆ ಕೆಳಗಿನ ಟಿ, ಮತ್ತೆ ದೋ. ಇದನ್ನು ಬಾಯಿಬಿಟ್ಟು ಹಾಡಿ. ಮನಸ್ಸಿನಲ್ಲಿ ಅಲ್ಲ.

ಆಮೇಲೆ ಕಷ್ಟದ ಜಾಗ ಹುಡುಕಿ. ಇಲ್ಲಿ ಎರಡಿವೆ. ಎರಡನೇ ಬಾರ್ ಕೊನೆಯ ರೆ ಇಂದ ಮೂರನೆಯದರ ಸೋಗೆ ಜಿಗಿತ, ಮತ್ತು ಕೊನೆಯಲ್ಲಿ ಫಾ ರೆ ದೋ. ರೆ ಇಂದ ಸೋ ಎಷ್ಟು ದೂರ ಎಂದು ಎಣಿಸಬೇಡಿ. ಈಗ ತಾನೇ ದೋ ಮಿ ಸೋ ಹಾಡಿದಿರಲ್ಲ, ಆ ಸೋ ಇನ್ನೂ ಕಿವಿಯಲ್ಲಿದೆ. ರೆ ಎಳೆಯುತ್ತಿರುವಾಗಲೇ ಅದನ್ನು ನೆನಪಿಗೆ ತಂದುಕೊಳ್ಳಿ. ಫಾ ರೆ ದೋ ಹಾಡುವಾಗ ಬಾಯಿ ತಾನಾಗಿ ಫಾ ಮಿ ಕಡೆ ಜಾರುತ್ತದೆ. ಎರಡು ಸಲ ಹಾಡಿ ನೋಡಿ.

ಉಳಿದ ಸಮಯದಲ್ಲಿ ತೊಡೆಯ ಮೇಲೆ ಏಟು ಹಾಕುತ್ತಾ ಒಂದು ಸಲ ಪೂರ್ತಿ ಹಾಡಿ. ಒಟ್ಟು 16 ಏಟು. ನಿಮಿಷಕ್ಕೆ 80 ಏಟಿನ ನಡೆಯಲ್ಲಿ 12 ಸೆಕೆಂಡ್ ಸಾಕು. ಹಾಗಾಗಿ ಸಮಯ ಸರಿಯಾಗಿ ಕೂರುತ್ತದೆ.

ತಪ್ಪಾದರೆ ಎಲ್ಲಿ ತಪ್ಪಿತು ಅಂತ ಗೊತ್ತಾಗುವುದು ಹೇಗೆ?

ಫೋನಿನಲ್ಲಿ ರೆಕಾರ್ಡ್ ಮಾಡಿ, ಹಾಡಿ ಮುಗಿದ ಕೂಡಲೇ ಅದೇ ರೆಕಾರ್ಡಿಂಗ್‌ನಲ್ಲಿ ಎಫ್ ಒತ್ತಿ. ಕೊನೆಯ ದೋ ಅದಕ್ಕೆ ಸೇರುತ್ತದಾ ನೋಡಿ.

ಮೇಲಿನ ಟ್ಯೂನನ್ನು ನನ್ನ ಇಬ್ಬರು ವಿದ್ಯಾರ್ಥಿಗಳು ಒಂದೇ ದಿನ ಹಾಡಿದರು. ಇಬ್ಬರೂ ಮೂರನೇ ಬಾರ್‌ನಲ್ಲಿ ಸೋ ಅನ್ನುತ್ತಾ ಫಾ ಹಾಡಿದರು. ಎರಡನೇ ಬಾರ್‌ನ ಫಾ ಕಿವಿಯಲ್ಲಿ ಉಳಿದಿತ್ತು, ಅದಕ್ಕೆ. ಮೊದಲನೆಯವಳು ಅಲ್ಲಿಂದ ಮುಂದೆಲ್ಲಾ ಒಂದು ಸ್ವರ ಕೆಳಗೆ ಹಾಡಿ, ಎಫ್ ಬದಲು ಇ ಫ್ಲಾಟ್‌ನಲ್ಲಿ ಬಂದು ನಿಂತಳು. ಒಂದೊಂದು ಹೆಜ್ಜೆಯ ದೂರವೂ ಸರಿಯಾಗಿತ್ತು, ಹೇಳಿದ ಅಕ್ಷರಗಳೂ ಸರಿಯಾಗಿದ್ದವು. ಎರಡನೆಯವನು ಸೋ ಮಾತ್ರ ತಪ್ಪಿ, ಲಾಗೆ ಸರಿಯಾಗಿ ಬಂದು, ಎಫ್‌ನಲ್ಲೇ ಮುಗಿಸಿದ.

ಕೇಳುವವರಿಗೆ ಮೊದಲನೆಯವಳೇ ನುಣುಪಾಗಿ ಹಾಡಿದಳು ಅನ್ನಿಸುತ್ತದೆ. ಆದರೆ ಅವಳಿಗೆ ದೋ ಕಳೆದುಹೋಗಿತ್ತು. ಹಿಂದಿನ ಸ್ವರದಿಂದ ಅಳೆಯುತ್ತಿದ್ದಳು, ಅಕ್ಷರ ಸುಮ್ನೆ ಅಂಟಿಸಿದ ಚೀಟಿಯಾಗಿತ್ತು. ಅವಳಿಗೆ ನಾನು ಹೊಸ ಟ್ಯೂನ್ ಕೊಡಲಿಲ್ಲ. ಯಾವುದೇ ಜಾಗದಲ್ಲಿ ನಾನು ಚಪ್ಪಾಳೆ ತಟ್ಟಿದರೆ ನಿಲ್ಲಿಸಿ ದೋ ಹಾಡು ಅಂತ ಹೇಳಿದೆ. ಮೂರು ವಾರ ಅದೇ ಆಟ. ಎರಡನೆಯವನಿಗೆ ಬೇಕಿದ್ದದ್ದು ಬರೀ ಸೋ ಅಭ್ಯಾಸ.

ಸಂಶೋಧನೆ ಏನು ಹೇಳುತ್ತದೆ? ಮೂವಬಲ್ ಗೆದ್ದಿತಾ, ಫಿಕ್ಸ್ಡ್ ಗೆದ್ದಿತಾ?

ಯಾವುದೂ ಖಡಾಖಂಡಿತವಾಗಿ ಗೆದ್ದಿಲ್ಲ. ಯಾಕೆ ಗೆದ್ದಿಲ್ಲ ಅನ್ನುವುದು ಮಾತ್ರ ತಿಳಿಯಬೇಕಾದ ವಿಷಯ.

ಇದಕ್ಕೆ ಒಳ್ಳೆಯ ಜಾಗ ಅಮೆರಿಕದ ಟೆಕ್ಸಸ್. ಅಲ್ಲಿ ಹೈಸ್ಕೂಲ್ ಕ್ವಾಯರ್‌ಗಳಿಗೆ ಸೈಟ್ ರೀಡಿಂಗ್ ಸ್ಪರ್ಧೆಯ ದೊಡ್ಡ ಸಂಪ್ರದಾಯ ಇದೆ. ಹಾಗಾಗಿ ಎಲ್ಲ ಶಾಲೆಯಲ್ಲೂ ಯಾವುದಾದರೂ ಒಂದು ಪದ್ಧತಿ ಗಟ್ಟಿಯಾಗಿ ನಡೆಯುತ್ತದೆ. ಮಿಶೆಲ್ ಹೆನ್ರಿ ಮತ್ತು ಸ್ಟೀವನ್ ಡೆಮೊರೆಸ್ಟ್ 1994ರಲ್ಲಿ ಅಂಥ ಎರಡು ಒಳ್ಳೆಯ ಕ್ವಾಯರ್‌ಗಳನ್ನು ತೆಗೆದುಕೊಂಡರು. ಒಂದರಲ್ಲಿ ಮೂವಬಲ್, ಇನ್ನೊಂದರಲ್ಲಿ ಫಿಕ್ಸ್ಡ್. ಒಬ್ಬೊಬ್ಬರನ್ನೇ ಕರೆದು ಹಾಡಿಸಿದಾಗ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ವ್ಯತ್ಯಾಸ ಕಂಡದ್ದು ಪಿಯಾನೋ ಕಲಿತವರಲ್ಲಿ.

ಮರುವರ್ಷ ಡೆಮೊರೆಸ್ಟ್ ಮತ್ತು ವಿಲಿಯಂ ಮೇ ನಾಲ್ಕು ಶಾಲೆಗಳ 414 ಮಂದಿಯನ್ನು ಪರೀಕ್ಷಿಸಿದರು. ಈ ಸಲ ಮೂವಬಲ್ ಕಲಿತವರ ಅಂಕ ಹೆಚ್ಚಿತ್ತು. ಆದರೆ ಲೇಖಕರೇ ಎಚ್ಚರಿಕೆ ಹೇಳಿದರು. ಶಾಲೆಗಳಲ್ಲಿ ಪದ್ಧತಿ ಮಾತ್ರ ಬೇರೆ ಇರಲಿಲ್ಲ, ಎಷ್ಟು ಬಿಡದೆ ಕಲಿಸಿದರು, ಹೇಗೆ ಪರೀಕ್ಷೆ ಮಾಡಿದರು ಅನ್ನುವುದೂ ಬೇರೆ ಇತ್ತು. ಇನ್ನು, 2012ರ ಒಂದು ಅಮೆರಿಕನ್ ಡಾಕ್ಟರೇಟ್ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳಲ್ಲಿ ಫಿಕ್ಸ್ಡ್ ಬಳಸುವವರೇ ಮುಂದಿದ್ದರು.

ಗಂಟು ಇರುವುದು ಇಲ್ಲೇ. ಇವರಲ್ಲಿ ಯಾರಿಗೂ ಚೀಟಿ ಎತ್ತಿ ಪದ್ಧತಿ ಹಂಚಿದ್ದಲ್ಲ. ಪದ್ಧತಿ ಬಂದದ್ದು ಶಾಲೆಯ ಜೊತೆ, ಮೇಷ್ಟರ ಜೊತೆ, ಮನೆಯಲ್ಲಿದ್ದ ಪಿಯಾನೋ ಜೊತೆ. ಚಿಕ್ಕಂದಿನಿಂದ ಪಿಯಾನೋ ಕಲಿತವನು ಹಾಳೆಯ ಚುಕ್ಕಿ ನೋಡಿದ ಕೂಡಲೇ ಬೆರಳು, ಸ್ವರ ಎರಡೂ ನೆನಪಾಗುವವನು. ಅವನು ಯಾವ ಅಕ್ಷರ ಹೇಳಿದರೇನು? ಇಬ್ಬರು ಅಡುಗೆಯವರು ಎರಡು ಬೇರೆ ಒಲೆಯಲ್ಲಿ, ಬೇರೆ ಅಕ್ಕಿಯಲ್ಲಿ ಅನ್ನ ಮಾಡಿದರೆ ಪಾತ್ರೆಗೆ ಅಂಕ ಕೊಡಲು ಆಗುತ್ತದಾ?

ನನ್ನ ಅಭಿಪ್ರಾಯ ಕೇಳಿದರೆ, ಕೀ ಇರುವ ಸಂಗೀತಕ್ಕೆ, ದೊಡ್ಡವರಾಗಿ ಶುರು ಮಾಡುವವರಿಗೆ, ಅದರಲ್ಲೂ ಸರಿಗಮ ಗೊತ್ತಿರುವವರಿಗೆ ಮೂವಬಲ್ ದೋ ಸರಿ. ಇದು ಸಂಶೋಧನೆ ಸಾಬೀತು ಮಾಡಿದ್ದು ಅಂತ ಹೇಳುವುದಿಲ್ಲ. ಕಿವಿ ಹೇಗೆ ಕೇಳುತ್ತದೋ ಅದಕ್ಕೆ ಹತ್ತಿರ ಅಂತ ಹೇಳುತ್ತೇನೆ.

ಹಾಗಾದರೆ ಸಂಶೋಧನೆಯಿಂದ ಕೆಲಸಕ್ಕೆ ಬರುವಂಥದ್ದು ಏನೂ ಇಲ್ವಾ?

ಇದೆ. ಪದ್ಧತಿಯ ಜಗಳ ಬಿಟ್ಟು ನೋಡಿದರೆ ಜಾಸ್ತಿಯೇ ಇದೆ.

1994ರ ಅಧ್ಯಯನವನ್ನೇ ಮತ್ತೆ ನೋಡಿ. ಗುಂಪಾಗಿ ಚೆನ್ನಾಗಿ ಓದಿ ಹಾಡುವ ಕ್ವಾಯರ್‌ನಲ್ಲಿ ಒಬ್ಬೊಬ್ಬರೂ ಹಾಗೇ ಹಾಡುತ್ತಾರೆ ಅಂತ ಆಗಲಿಲ್ಲ. ಮೂರು ನಾಲ್ಕು ಜನ ಗಟ್ಟಿಗರು ಮುಂದೆ ಎಳೆದರೆ ಉಳಿದವರು ಹಿಂದೆ ಹೋಗುತ್ತಾರೆ. ನನ್ನ ಆರು ತಿಂಗಳ ಕಥೆಯೂ ಅದೇ ತಾನೇ.

1998ರಲ್ಲಿ ಡೆಮೊರೆಸ್ಟ್ ಇದರ ಮೇಲೆ ಪ್ರಯೋಗ ಮಾಡಿದರು. ಎಲ್ಲರಿಗೂ ಗುಂಪಿನಲ್ಲಿ ಪಾಠ ನಡೆಯಿತು. ಕೆಲವರಿಗೆ ಮಾತ್ರ ಜೊತೆಗೆ ಒಬ್ಬೊಬ್ಬರಾಗಿ ಹಾಡುವ ಪರೀಕ್ಷೆ ಇಟ್ಟರು. ಹಾಗೆ ಪರೀಕ್ಷೆ ಕೊಟ್ಟವರು ಮೇಜರ್ ಟ್ಯೂನ್‌ನಲ್ಲಿ ಉಳಿದವರಿಗಿಂತ ಸ್ಪಷ್ಟವಾಗಿ ಮುಂದೆ ಹೋದರು. ಪಾಠ ಬದಲಾಗಲಿಲ್ಲ, ಅಕ್ಷರ ಬದಲಾಗಲಿಲ್ಲ. ನಾಳೆ ಒಬ್ಬನೇ ಹಾಡಬೇಕು ಅನ್ನುವ ಭಯ ಸೇರಿತು, ಅಷ್ಟೇ. ಹಾಗಾಗಿ ನನ್ನ ತರಗತಿಯಲ್ಲಿ ವಾರಕ್ಕೊಮ್ಮೆ ಪ್ರತಿಯೊಬ್ಬರೂ ನಾಲ್ಕು ಬಾರ್ ರೆಕಾರ್ಡ್ ಮಾಡಿ ಕಳಿಸಬೇಕು. ಒಂದೇ ಟೇಕ್, ತಿದ್ದುವಂತಿಲ್ಲ.

ಆ 30 ಸೆಕೆಂಡ್ ನಿಜವಾಗಿ ಸಹಾಯ ಮಾಡುತ್ತದಾ?

ಎಲ್ಲರಿಗೂ ಮಾಡುವುದಿಲ್ಲ. ಜಾನಿಸ್ ಕಿಲಿಯನ್ ಮತ್ತು ಮಿಶೆಲ್ ಹೆನ್ರಿ 2005ರಲ್ಲಿ 198 ಹೈಸ್ಕೂಲ್ ಗಾಯಕರನ್ನು ವೀಡಿಯೊ ಮಾಡಿ ನೋಡಿದರು. ಪ್ರತಿಯೊಬ್ಬರೂ ಒಂದು ಟ್ಯೂನನ್ನು 30 ಸೆಕೆಂಡ್ ತಯಾರಿಯ ನಂತರ, ಇನ್ನೊಂದನ್ನು ತಯಾರಿ ಇಲ್ಲದೆ ಹಾಡಿದರು. ಚೆನ್ನಾಗಿ ಹಾಡುವವರಿಗೂ ಮಧ್ಯಮದವರಿಗೂ ತಯಾರಿಯಿಂದ ಅಂಕ ಏರಿತು. ಹಿಂದುಳಿದವರಿಗೆ ಏರಲಿಲ್ಲ. ಅವರಿಗೆ ಆ ಅರ್ಧ ನಿಮಿಷದಲ್ಲಿ ಏನು ಮಾಡಬೇಕು ಅನ್ನುವುದೇ ಗೊತ್ತಿರಲಿಲ್ಲ.

ಚೆನ್ನಾಗಿ ಹಾಡಿದವರು ಏನು ಮಾಡುತ್ತಿದ್ದರು? ಮೊದಲು ಕೀಯನ್ನು ಬಾಯಲ್ಲಿ ಹಾಡಿ ಕೂರಿಸಿಕೊಳ್ಳುತ್ತಿದ್ದರು. ತಯಾರಿಯಲ್ಲೂ ಗಟ್ಟಿಯಾಗಿ ಹಾಡುತ್ತಿದ್ದರು. ದೇಹದಲ್ಲಿ ಎಲ್ಲೋ ಒಂದು ಕಡೆ ಏಟು ನಡೆಯುತ್ತಿತ್ತು. ಸಮಯ ಮುಗಿಯುವುದರೊಳಗೆ ಟ್ಯೂನ್ ಕೊನೆ ಮುಟ್ಟುತ್ತಿದ್ದರು. ಮೇಲಿನ ಉದಾಹರಣೆಯ ಹೆಜ್ಜೆಗಳನ್ನು ನಾನು ಬಹುಪಾಲು ತೆಗೆದುಕೊಂಡದ್ದು ಇಲ್ಲಿಂದಲೇ.

ಕೈಸನ್ನೆ ಕಲಿಯಬೇಕಾ?

ಅದೇ ಅಧ್ಯಯನದಲ್ಲಿ ಮುಂದಿದ್ದವರು ಕೈಸನ್ನೆಯನ್ನೂ ಬಳಸುತ್ತಿದ್ದರು. ಆದರೆ ಕೈಸನ್ನೆಯಿಂದ ಚೆನ್ನಾಗಿ ಹಾಡಿದರೋ, ಚೆನ್ನಾಗಿ ಕಲಿತವರಿಗೆ ಕೈಸನ್ನೆಯೂ ಬರುತ್ತಿತ್ತೋ? ಆಲನ್ ಮೆಕ್‌ಕ್ಲಂಗ್ 2008ರಲ್ಲಿ ಇದನ್ನು ಬೇರೆ ರೀತಿ ನೋಡಿದರು. ಮೂವಬಲ್ ಅಕ್ಷರ, ಕೈಸನ್ನೆ ಎರಡರಲ್ಲೂ ಚೆನ್ನಾಗಿ ಪಳಗಿದ 38 ಮಂದಿಯನ್ನು ಒಮ್ಮೆ ಸನ್ನೆ ಮಾಡುತ್ತಾ, ಒಮ್ಮೆ ಮಾಡದೆ ಹಾಡಿಸಿದರು. ಅಂಕದಲ್ಲಿ ಗಣನೀಯ ವ್ಯತ್ಯಾಸ ಬರಲಿಲ್ಲ.

ಕಲಿಯುವ ಹಂತದಲ್ಲಿ, ಅದರಲ್ಲೂ ಮಕ್ಕಳಿಗೆ, ಏರಿಳಿತ ಕಣ್ಣಿಗೆ ಕಾಣುವುದರಿಂದ ನಾನು ಬಳಸುತ್ತೇನೆ. ದೊಡ್ಡವರು ಬೇಡ ಅಂದರೆ ಒತ್ತಾಯ ಮಾಡುವುದಿಲ್ಲ.

ಮೈನರ್ ಕೀಯಲ್ಲಿ ಆಧಾರ ಸ್ವರ ದೋನಾ, ಲಾನಾ?

ಎರಡು ಬಣ ಇವೆ, ಜಗಳ ಮುಗಿಯುವುದಿಲ್ಲ. ಕೊಡಾಯ್ ಕಡೆಯವರು ಮೈನರನ್ನು ಲಾ ಇಂದ ಶುರು ಮಾಡುತ್ತಾರೆ: ಲಾ ಟಿ ದೋ ರೆ ಮಿ ಫಾ ಸೋ. ಇನ್ನೊಂದು ಬಣ ದೋ ಅನ್ನೇ ಆಧಾರವಾಗಿ ಉಳಿಸಿ ಅಕ್ಷರ ಬದಲಿಸುತ್ತದೆ: ದೋ ರೆ ಮೆ ಫಾ ಸೋ ಲೆ ಟೆ.

ನಮ್ಮವರಿಗೆ ಇದನ್ನು ವಿವರಿಸುವುದು ಸುಲಭ. ಲಾ ಪದ್ಧತಿ ಅಂದರೆ ಗ್ರಹಭೇದ. ಶಂಕರಾಭರಣದ ಧೈವತವನ್ನು ಷಡ್ಜ ಮಾಡಿಕೊಂಡರೆ ನಠಭೈರವಿ ಬರುತ್ತದಲ್ಲ, ಅದೇ. ಸ್ವರಗಳ ಹಳೆಯ ಹೆಸರು ಹಾಗೇ ಉಳಿದು, ಕೂರುವ ಜಾಗ ಮಾತ್ರ ಬದಲಾಗುತ್ತದೆ. ದೋ ಪದ್ಧತಿ ಅಂದರೆ ನಠಭೈರವಿಯನ್ನು ಅದರದೇ ಷಡ್ಜದಿಂದ ಹಾಡುವುದು. ಕರ್ನಾಟಕ ಸಂಗೀತ ಬಂದವರು ಸಾಮಾನ್ಯವಾಗಿ ಎರಡನೆಯದಕ್ಕೇ ಒಲಿಯುತ್ತಾರೆ. ಆಧಾರವನ್ನು ಬೇರೆ ಅಕ್ಷರದಲ್ಲಿ ಕರೆಯುವುದು ಅವರಿಗೆ ಹಿಂಸೆ. ನಿಮ್ಮ ಕ್ವಾಯರ್‌ನಲ್ಲಿ ಯಾವುದು ನಡೆಯುತ್ತದೋ ಅದನ್ನೇ ಹಿಡಿಯಿರಿ. ವಾರಕ್ಕೊಂದು ಪದ್ಧತಿ ಬದಲಿಸಿದರೆ ಎರಡೂ ಕೆಡುತ್ತವೆ.

ನಡುವೆ ಕೀ ಬದಲಾದರೆ?

ಮೂವಬಲ್ ದೋ ತಡವರಿಸುವುದು ಇಲ್ಲೇ. ಸಿ ಮೇಜರ್‌ನಲ್ಲಿ ಹೊರಟ ಹಾಡು ಎರಡನೇ ಸಾಲಿಗೆ ಜಿ ಮೇಜರ್ ಆಯಿತು ಅಂದುಕೊಳ್ಳಿ. ಎಫ್ ಶಾರ್ಪ್ ಬರುತ್ತದೆ. ಅದನ್ನು ಹಳೆಯ ಲೆಕ್ಕದಲ್ಲಿ ಫಿ ಅನ್ನಬೇಕಾ, ಹೊಸ ದೋಗೆ ಟಿ ಅನ್ನಬೇಕಾ? ಎರಡು ಮೂರು ಏಟಿನಲ್ಲಿ ವಾಪಸ್ ಸಿಗೆ ಬರುವುದಾದರೆ ಫಿ ಸಾಕು. ಜಿಯಲ್ಲೇ ನೆಲೆಸುವುದಾದರೆ ಹೊಸ ದೋ ಹಿಡಿಯಬೇಕು. ಬದಲಿಸುವ ಜಾಗ ಎರಡೂ ಕೀಗೆ ಸೇರಿದ ಸ್ವರದ ಮೇಲೆ ಇರಲಿ, ಎಫ್ ಶಾರ್ಪ್‌ಗಿಂತ ಒಂದೆರಡು ಸ್ವರ ಮುಂಚೆ. ಉದಾಹರಣೆಗೆ ಅಲ್ಲೊಂದು ಎ ಇದ್ದರೆ ಲಾ ಅಂತ ಶುರು ಮಾಡಿ ಮನಸ್ಸಿನಲ್ಲೇ ಅದನ್ನು ರೆ ಮಾಡಿಕೊಳ್ಳಿ. ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿಕೊಳ್ಳಿ, ಅದರಲ್ಲಿ ನಾಚಿಕೆ ಏನಿಲ್ಲ.

ಕೀಯೇ ಇಲ್ಲದ 20ನೇ ಶತಮಾನದ ಸಂಗೀತಕ್ಕೆ ಈ ಪದ್ಧತಿ ಒಗ್ಗುವುದಿಲ್ಲ. ಅಲ್ಲಿ ಫಿಕ್ಸ್ಡ್ ದೋ ಅಥವಾ ಇಂಟರ್ವಲ್ ಹಿಡಿಯುವುದೇ ದಾರಿ.

ನನ್ನ ಮಗಳಿಗೆ ಯಾವ ಸ್ವರ ಒತ್ತಿದರೂ ಹೆಸರು ಹೇಳಲು ಬರುತ್ತೆ. ಅವಳಿಗೆ ಇದೆಲ್ಲಾ ಬೇಕಾ?

ಬೇಕು. ಅಬ್ಸಲ್ಯೂಟ್ ಪಿಚ್ ಇರುವವರಿಗೆ ಮೂವಬಲ್ ದೋ ಮೊದಲು ಕಿರಿಕಿರಿ. ಅವರ ಕಿವಿ ಎಫ್ ಅನ್ನುತ್ತದೆ, ಮೇಷ್ಟರು ದೋ ಅನ್ನು ಅನ್ನುತ್ತಾರೆ. ಜಪಾನಿನ ಸಂಶೋಧಕ ಕೆನ್‌ಇಚಿ ಮಿಯಾಝಾಕಿ 1980ರ ದಶಕದ ಕೊನೆಯಿಂದ ಇವರ ಮೇಲೆ ಅಧ್ಯಯನ ಮಾಡಿದ್ದಾರೆ. ಕೀ ಬದಲಿಸಿ ನುಡಿಸಿದ ಟ್ಯೂನ್ ಅದೇನಾ ಅಂತ ಗುರುತಿಸುವ ಕೆಲಸದಲ್ಲಿ ಅಬ್ಸಲ್ಯೂಟ್ ಪಿಚ್ ಇರುವವರು ಇಲ್ಲದವರಿಗಿಂತ ಹಿಂದೆ ಬಿದ್ದದ್ದೂ ಉಂಟು. ಸ್ವರದ ಹೆಸರು ಜೋರಾಗಿ ಕೇಳಿಸಿದರೆ ಸ್ವರಗಳ ನಡುವಿನ ಸಂಬಂಧ ಮೆಲ್ಲಗೆ ಕೇಳಿಸುತ್ತದೆ. ಮಗಳಿಗೆ ಒಂದೇ ಟ್ಯೂನನ್ನು ಮೂರು ಬೇರೆ ಕೀಯಲ್ಲಿ ಅಕ್ಷರ ಹೇಳಿ ಹಾಡಿಸಿ.

ಕರ್ನಾಟಕ ಸಂಗೀತ ಕಲಿತವರು ಎಲ್ಲಿ ಎಡವುತ್ತಾರೆ?

ಗಮಕದಲ್ಲಿ. ತೋಡಿಯ ಗಾಂಧಾರ ಹಾಡುವಾಗ ಬಾಯಲ್ಲಿ ಗ ಅನ್ನುತ್ತೇವೆ, ಗಂಟಲು ಮೇಲಕ್ಕೂ ಕೆಳಕ್ಕೂ ಓಲಾಡುತ್ತಿರುತ್ತದೆ. ಸ್ವರ ಅಂದರೆ ನಮಗೆ ಒಂದು ಚಲನೆ. ಕ್ವಾಯರ್‌ನಲ್ಲಿ ಸ್ವರ ಅಂದರೆ ಒಂದು ಚುಕ್ಕಿ, ಪಕ್ಕದ ಮೂವರು ಅದೇ ಚುಕ್ಕಿಯ ಮೇಲೆ ನಿಂತಿರುತ್ತಾರೆ. ನಾನು ಸೋಗೆ ಮೆಲ್ಲಗೆ ಜಾರಿಕೊಂಡು ಹೋಗುತ್ತಿದ್ದೆ. ರೆಕಾರ್ಡಿಂಗ್ ಕೇಳಿದಾಗಲೇ ಗೊತ್ತಾಗಿದ್ದು. ಮೇಷ್ಟ್ರು ಸರಳೆ ವರಸೆಯನ್ನು ಗಮಕ ಇಲ್ಲದೆ ಶುರು ಮಾಡಿಸಿದ್ದರಲ್ಲ, ಅದನ್ನೇ ಶಂಕರಾಭರಣದ ಸ್ವರಗಳಲ್ಲಿ, ಅಷ್ಟೇ ಚಪ್ಪಟೆಯಾಗಿ, ದೋ ರೆ ಮಿ ಅಕ್ಷರದಲ್ಲಿ ಮತ್ತೆ ಹಾಡಿದೆ. ಎರಡು ತಿಂಗಳು ಹಿಡಿಯಿತು.

ಇನ್ನೊಂದು, ಹಾಳೆ ಓದುವುದು. ನಾವು ಕೇಳಿ ಕಲಿತವರು. ಎರಡನೇ ಸಲಕ್ಕೆ ಟ್ಯೂನ್ ಬಾಯಿಪಾಠ ಆಗಿಬಿಡುತ್ತದೆ, ಆಮೇಲೆ ಹಾಳೆ ನೋಡುವುದೇ ಇಲ್ಲ. ಹಾಗಾಗಿ ಒಂದು ಟ್ಯೂನನ್ನು ಎರಡು ಸಲಕ್ಕಿಂತ ಹೆಚ್ಚು ಹಾಡಬೇಡಿ. ದಿನಕ್ಕೆ ಹತ್ತು ನಿಮಿಷ, ಆದರೆ ಪ್ರತಿದಿನ ಹೊಸ ನಾಲ್ಕು ಬಾರ್.

ಶ್ರುತಿ ಪೆಟ್ಟಿಗೆ ಹಾಕಿಕೊಂಡು ಅಭ್ಯಾಸ ಮಾಡಬಹುದಾ?

ಮೊದಲ ತಿಂಗಳು ಖಂಡಿತ ಮಾಡಿ. ಫೋನಿನ ತಂಬೂರಿ ಆಪ್ ಆದರೂ ಸರಿ, ಎಫ್‌ಗೆ ಅಂದರೆ ನಾಲ್ಕು ಮನೆಗೆ ಇಟ್ಟುಕೊಂಡು ಮೇಲಿನ ಟ್ಯೂನ್ ಹಾಡಿ. ಸ್ವರ ಒಂದು ಎಳೆ ಆಚೀಚೆ ಆದರೂ ಕೇಳಿಸುತ್ತದೆ.

ಆಮೇಲೆ ಅದನ್ನು ನಡುನಡುವೆ ನಿಲ್ಲಿಸಬೇಕು. ಶ್ರುತಿ ಕೇಳುತ್ತಿರುವಾಗ ದೋ ನೆನಪಿಡುವ ಕೆಲಸ ಪೆಟ್ಟಿಗೆ ಮಾಡುತ್ತಿರುತ್ತದೆ, ನೀವಲ್ಲ. ಕ್ವಾಯರ್‌ನಲ್ಲಿ ಒಂದು ಸಲ ಸ್ವರ ಕೊಟ್ಟು ಬಿಟ್ಟುಬಿಡುತ್ತಾರೆ. ಎರಡನೇ ತಿಂಗಳು ಮೊದಲ ಬಾರ್ ಮುಗಿದ ಕೂಡಲೇ ತಂಬೂರಿ ಆಫ್ ಮಾಡಿ, ಕೊನೆಯ ದೋ ಎಳೆಯುವಾಗ ಮತ್ತೆ ಆನ್ ಮಾಡಿ. ಎರಡೂ ಸೇರಿದರೆ ಮುಂದಿನ ಹಾಳೆಗೆ ಹೋಗಿ. ಸೇರದಿದ್ದರೆ ನೀವು ಕೆಳಗೆ ಜಾರಿದಿರಾ, ಮೇಲೆ ಏರಿದಿರಾ ಅಂತ ಬರೆದಿಡಿ. ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ಆ ತಿಂಗಳ ಪುಟದ ತುಂಬಾ ಕೆಳಮುಖದ ಬಾಣಗಳೇ ಇವೆ.